ನಿಮ್ಮ ದನಿ ನಿಮಗೇ ವಾಪಸ್ ಬಂದರೆ ದೋಷ ಯಾರ ಮನೆಯದು?

ಫೋನಿನಲ್ಲಿ ಮಾತಾಡುವಾಗ ನಿಮ್ಮದೇ ದನಿ ಸ್ವಲ್ಪ ತಡವಾಗಿ ನಿಮ್ಮ ಕಿವಿಗೆ ವಾಪಸ್ ಬರುತ್ತಿದ್ದರೆ, ಹೆಚ್ಚಿನ ಸಲ ದೋಷ ನಿಮ್ಮ ಫೋನಿನದಲ್ಲ, ಆ ಕಡೆಯದು. ನಿಮ್ಮ ಮಾತು ಅವರ ಫೋನಿನ ಸ್ಪೀಕರಿನಿಂದ ಹೊರಬಿದ್ದು, ಅದೇ ಫೋನಿನ ಮೈಕಿಗೆ ಹೊಕ್ಕು, ಅವರ ಮಾತಿನ ಜತೆಗೇ ನಿಮ್ಮ ಕಡೆಗೆ ಹೊರಟುಬಿಡುತ್ತದೆ. ಅವರಿಗೆ ಇದರ ಸುಳಿವೂ ಸಿಗುವುದಿಲ್ಲ. ಅವರ ಕಿವಿಗೆ ನಿಮ್ಮ ಮಾತು ಒಂದೇ ಸಲ, ಸ್ವಚ್ಛವಾಗಿ ಬೀಳುತ್ತದೆ. ಎಕೋ ಹುಟ್ಟುವ ಮನೆಯವರಿಗೆ ಅದು ಕೇಳಿಸುವುದಿಲ್ಲ, ಕೇಳಿಸಿಕೊಳ್ಳುವವರ ಕೈಯಲ್ಲಿ ಅದಕ್ಕೆ ಮದ್ದಿಲ್ಲ. ಎಷ್ಟೋ ಮನೆಗಳಲ್ಲಿ ಈ ತೊಂದರೆ ತಿಂಗಳುಗಟ್ಟಲೆ ಬಗೆಹರಿಯದೆ ಉಳಿಯುವುದು ಇದಕ್ಕೇ.

ತಿಪಟೂರಿನಲ್ಲಿ ನನಗೆ ಪರಿಚಯದ ಒಂದು ಮನೆಯಿದೆ. ಅಪ್ಪ ಅಮ್ಮ ಊರಿನಲ್ಲಿ, ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದ ಡಲ್ಲಾಸಿನಲ್ಲಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ, ಅಲ್ಲಿ ಶನಿವಾರ ರಾತ್ರಿ ಒಂಬತ್ತೂವರೆ ಆಗಿರುವ ಹೊತ್ತಿಗೆ, ಎಲ್ಲರೂ ಒಂದೇ ವಿಡಿಯೋ ಕಾಲಿಗೆ ಬರುತ್ತಾರೆ. ಮಗಳದು ವಾರವಾರವೂ ಒಂದೇ ದೂರು.

"ಅಪ್ಪಾ, ನಾನು ಮಾತಾಡಿದ್ದೆಲ್ಲ ನನಗೇ ವಾಪಸ್ ಕೇಳಿಸ್ತಿದೆ."

"ಇಲ್ಲಿ ಚೆನ್ನಾಗೇ ಕೇಳಿಸ್ತಿದೆಯಲ್ಲಮ್ಮ. ನಿನ್ನ ಕಡೆನೇ ಏನೋ ಇರಬೇಕು ನೋಡು."

ಅಪ್ಪನ ಮಾತಿನಲ್ಲಿ ಸುಳ್ಳಿಲ್ಲ, ಅವರಿಗೆ ನಿಜವಾಗಿಯೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಮಗಳು ಇಯರ್‌ಫೋನ್ ಬದಲಾಯಿಸಿದಳು, ವೈಫೈ ರೂಟರನ್ನು ಹತ್ತಿರಕ್ಕೆ ತಂದಿಟ್ಟಳು, ಕೊನೆಗೆ ಬೇರೆ ಫೋನಿನಿಂದಲೂ ಕರೆ ಮಾಡಿದಳು. ಎಕೋ ಕದಲಲಿಲ್ಲ. ಕದಲುವಂತೆಯೂ ಇರಲಿಲ್ಲ, ಏಕೆಂದರೆ ಅದು ಹುಟ್ಟುತ್ತಿದ್ದದ್ದು ತಿಪಟೂರಿನ ನಡುಮನೆಯಲ್ಲಿ.

ಎಕೋ ಇಷ್ಟೊಂದು ಕಾಡುವುದು ಅದರ ಸದ್ದಿನಿಂದಲ್ಲ, ಅದು ತಡವಾಗಿ ಬರುವುದರಿಂದ. ನಾವು ಮಾತಾಡುವಾಗ ನಮ್ಮ ದನಿ ನಮಗೆ ಯಾವಾಗಲೂ ಕೇಳಿಸುತ್ತಲೇ ಇರುತ್ತದೆ, ಅದರಿಂದ ತೊಂದರೆಯೇನಿಲ್ಲ. ಹಳೆಯ ಟೆಲಿಫೋನುಗಳಲ್ಲಂತೂ ಆಡಿದ್ದು ಸ್ವಲ್ಪ ನಮ್ಮ ಕಿವಿಗೂ ಕೇಳಿಸಲಿ ಎಂದು ಬೇಕೆಂದೇ ಹಾಗೆ ಮಾಡಿರುತ್ತಿದ್ದರು. ದನಿ ಸೆಕೆಂಡಿನ ನೂರರಲ್ಲಿ ಎರಡು ಮೂರು ಪಾಲಿನಷ್ಟು ತಡವಾಗಿ ಬಂದರೂ ನಮಗೆ ಬೇರೆಯಾಗಿ ಗೊತ್ತಾಗುವುದಿಲ್ಲ. ಐದು ಪಾಲು ದಾಟಿದರೆ ಅದು ಬೇರೊಂದು ದನಿಯಾಗಿ ಕೇಳಿಸತೊಡಗುತ್ತದೆ. ತಿಪಟೂರಿಗೂ ಡಲ್ಲಾಸಿಗೂ ನಡುವೆ ಮಾತು ಹೋಗಿ ಬರಲು, ದಾರಿಯಲ್ಲಿನ ಕೇಬಲ್ಲು, ಆಪಿನ ಸರ್ವರು, ಎರಡೂ ಫೋನುಗಳ ಒಳಗಿನ ಕೆಲಸ ಎಲ್ಲ ಸೇರಿ, ಅರ್ಧ ಸೆಕೆಂಡಿನ ಆಸುಪಾಸು ಹಿಡಿಯುವುದು ಸಾಮಾನ್ಯ. ಮಗಳು "ಊಟ ಆಯ್ತಾ" ಎಂದು ಕೇಳಿದರೆ, "ಆಯ್ತಾ" ಬಾಯಿಂದ ಹೊರಬೀಳುವಷ್ಟರಲ್ಲಿ ಅವಳದೇ "ಊಟ" ಕಿವಿಗೆ ವಾಪಸ್ ಬಂದಿರುತ್ತದೆ. ಹೀಗೆ ತಡವಾಗಿ ಬರುವ ಸ್ವಂತ ದನಿಗೆ ಮಾತಾಡುವವರ ನಾಲಿಗೆಯನ್ನೇ ತಡವರಿಸುವ ಶಕ್ತಿಯಿದೆ. 1950ರಲ್ಲಿ ಬರ್ನಾರ್ಡ್ ಲೀ ಎಂಬ ಅಮೆರಿಕನ್ ಸಂಶೋಧಕರು ಇದನ್ನು ಪ್ರಯೋಗಗಳಲ್ಲಿ ತೋರಿಸಿದರು. ಸರಾಗವಾಗಿ ಮಾತಾಡುವವರು ಕೂಡ ತಮ್ಮ ದನಿಯನ್ನು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗಿ ಕೇಳಿಸಿಕೊಂಡಾಗ ತೊದಲುತ್ತಾರೆ, ಅಕ್ಷರಗಳನ್ನು ಎಳೆಯುತ್ತಾರೆ, ನಡುವೆ ನಿಂತುಬಿಡುತ್ತಾರೆ. ಎಕೋ ಇರುವ ಕರೆಯಲ್ಲಿ ಒಬ್ಬರು ತೀರಾ ನಿಧಾನವಾಗಿ, ಪದ ಪದಕ್ಕೂ ತಡೆದು ಮಾತಾಡುತ್ತಿದ್ದರೆ ಅವರಿಗೆ ಬೇಸರವಾಗಿದೆ ಎಂದುಕೊಳ್ಳಬೇಡಿ. ಅವರಿಗೆ ನಿಮ್ಮ ಮನೆಯಿಂದ ಎಕೋ ಬರುತ್ತಿದೆ.

ಹಾಗಾದರೆ ಹತ್ತಾರು ಜನರಿರುವ ಕರೆಯಲ್ಲಿ ಅದು ಯಾರ ಮನೆಯಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವುದು ಹೇಗೆ? ಉಪಾಯ ಸುಲಭ, ಆದರೆ ಅದನ್ನು ಮಾಡಬೇಕಾದವರು ಎಕೋ ಕೇಳುತ್ತಿರುವವರೇ. ಅವರು ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಬೇಕು. ಉಳಿದವರು ಒಬ್ಬೊಬ್ಬರಾಗಿ ತಮ್ಮ ಮೈಕನ್ನು ಮ್ಯೂಟ್ ಮಾಡಬೇಕು. ಯಾರು ಮ್ಯೂಟ್ ಮಾಡಿದ ತಕ್ಷಣ ಎಕೋ ನಿಂತುಹೋಯಿತೋ ಅದು ಅವರ ಮನೆಯಿಂದ ಬರುತ್ತಿತ್ತು. ಇನ್ನೊಂದು ಸುಳಿವೂ ಇದೆ. ಗುಂಪಿನಲ್ಲಿ ಎಲ್ಲರೂ "ನನ್ನ ದನಿ ನನಗೇ ಕೇಳಿಸ್ತಿದೆ" ಎಂದು ಗೊಣಗುವಾಗ ಒಬ್ಬರು ಮಾತ್ರ "ನನಗೆ ಏನೂ ತೊಂದರೆ ಇಲ್ಲ" ಎನ್ನುತ್ತಿದ್ದರೆ, ಮೊದಲು ಪರೀಕ್ಷಿಸಬೇಕಾದದ್ದು ಅವರ ಫೋನನ್ನೇ. ತಿಪಟೂರಿನ ಮನೆಯವರ ಕರೆಯಲ್ಲಿ ಬೆಂಗಳೂರಿನ ಮಗ ಮ್ಯೂಟ್ ಮಾಡಿದಾಗ ಏನೂ ಬದಲಾಗಲಿಲ್ಲ. ಅಪ್ಪ ಮ್ಯೂಟ್ ಮಾಡಿದೊಡನೆ ಡಲ್ಲಾಸಿನಲ್ಲಿ ಸದ್ದಡಗಿತು.

ಇಲ್ಲಿ ಓದುಗರಿಗೆ ಒಂದು ಪ್ರಶ್ನೆ ಬರಬೇಕು. ಎಲ್ಲ ಫೋನಿನಲ್ಲೂ ಸ್ಪೀಕರು ಮೈಕು ಎರಡೂ ಒಂದೇ ಕಡೆ ಇರುತ್ತವೆಯಲ್ಲ, ಹಾಗಾದರೆ ಪ್ರತಿ ಕರೆಯಲ್ಲೂ ಎಕೋ ಯಾಕಿಲ್ಲ? ನಿಜ ಹೇಳಬೇಕೆಂದರೆ, ಸ್ಪೀಕರ್ ಹಾಕಿದ ಪ್ರತಿ ಕರೆಯಲ್ಲೂ ಎಕೋ ಹುಟ್ಟುತ್ತದೆ. ಸ್ಪೀಕರಿನಿಂದ ಮೈಕಿಗೆ ಇರುವ ದೂರ ಹೆಚ್ಚೆಂದರೆ ಒಂದು ಗೇಣು. ಎದುರಿಗೆ ಕೂತವರ ಬಾಯಿ ಎರಡು ಮೂರು ಅಡಿ ದೂರ. ಹಾಗಾಗಿ ಅಪ್ಪನ ಮೈಕಿಗೆ ಅಪ್ಪನ ದನಿಗಿಂತ ಮಗಳ ದನಿಯೇ ಜೋರಾಗಿ ಬೀಳುತ್ತಿರುತ್ತದೆ. ಅದನ್ನು ಹೊರಗೆ ಬಿಡದೆ ಅಲ್ಲೇ ಅಳಿಸಿಹಾಕುವ ಒಂದು ಲೆಕ್ಕಾಚಾರ ಫೋನಿನೊಳಗೆ ಬಿಡುವಿಲ್ಲದೆ ನಡೆಯುತ್ತಿದೆ. ಅದು ಸೋತಾಗ ಮಾತ್ರ ನಮಗೆ ಎಕೋ ಕೇಳಿಸುತ್ತದೆ.

ಈ ಲೆಕ್ಕಾಚಾರದ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ದೂರದ ಟೆಲಿಫೋನ್ ಕರೆಗಳಲ್ಲಿ ಎಕೋ ತಡೆಯಲು ಮೊದಲು ಬಳಸುತ್ತಿದ್ದ ಉಪಕರಣ ಒರಟಾದದ್ದು. ಒಬ್ಬರು ಮಾತಾಡುವಾಗ ಎದುರಿನವರ ಕಡೆಯ ದಾರಿಯನ್ನೇ ಅದು ಮುಚ್ಚಿಬಿಡುತ್ತಿತ್ತು. 1965ರಲ್ಲಿ ಅರ್ಲಿ ಬರ್ಡ್ ಉಪಗ್ರಹದ ಮೂಲಕ ಸಾಗರದಾಚೆಗೆ ಕರೆಗಳು ಶುರುವಾದಾಗ ಈ ಉಪಾಯದ ಕುಂದು ಎದ್ದು ಕಂಡಿತು. ಉಪಗ್ರಹ ಇದ್ದದ್ದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಮಾತು ಮೇಲೆ ಹೋಗಿ ಕೆಳಗಿಳಿಯಲು ಕಾಲು ಸೆಕೆಂಡು, ಎಕೋ ವಾಪಸ್ ಬರಲು ಇನ್ನೊಂದು ಕಾಲು. ಇಷ್ಟು ತಡವಿರುವಾಗ ದಾರಿ ಮುಚ್ಚಿ ತೆರೆಯುವ ಉಪಕರಣ ಮಾತುಗಳನ್ನೇ ಕತ್ತರಿಸುತ್ತಿತ್ತು. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಜಾನ್ ಕೆಲ್ಲಿ ಮತ್ತು ಮನಮೋಹನ್ ಸೋಂಧಿ ಬೇರೊಂದು ದಾರಿ ಹಿಡಿದರು. ಸೋಂಧಿ ದೆಹಲಿಯಲ್ಲಿ ಭೌತಶಾಸ್ತ್ರ ಓದಿ, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಪರ್ಕ ತಂತ್ರಜ್ಞಾನದ ಡಿಪ್ಲೊಮಾ ಪಡೆದವರು. ದಾರಿಯನ್ನು ಮುಚ್ಚುವ ಬದಲು ಎಕೋ ಹೇಗಿರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಅಷ್ಟನ್ನು ಮಾತ್ರ ಕಳೆದುಬಿಡುವುದು ಅವರ ಆಲೋಚನೆ. ಸೋಂಧಿಯವರ ಪ್ರಬಂಧ 1967ರಲ್ಲಿ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಅಚ್ಚಾಯಿತು. ಅಂದಿನ ದಿನಗಳಿಗೆ ಅದು ಬಲು ದುಬಾರಿ ಯಂತ್ರ. ಇಂದು ನಮ್ಮೆಲ್ಲರ ಜೇಬಿನ ಫೋನಿನಲ್ಲಿ ಕೆಲಸ ಮಾಡುತ್ತಿರುವುದು ಅದೇ ತತ್ತ್ವ.

ಅದು ಹೇಗೆ ನಡೆಯುತ್ತದೆಂದು ತಿಳಿದರೆ ಮುಂದಿನ ಪರಿಹಾರಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಮಗಳ ಮಾತು ಸ್ಪೀಕರಿಗೆ ಹೋಗುವ ಮುಂಚೆಯೇ ಫೋನು ಅದರ ಒಂದು ನಕಲನ್ನು ಇಟ್ಟುಕೊಳ್ಳುತ್ತದೆ. ಆ ಮಾತು ಸ್ಪೀಕರಿನಿಂದ ಹೊರಟು, ಮೇಜಿಗೆ ಗೋಡೆಗೆ ಬಡಿದು, ಮೈಕಿಗೆ ಬರುವಷ್ಟರಲ್ಲಿ ಹೇಗೆ ಬದಲಾಗುತ್ತದೆ ಎಂದು ಊಹಿಸುತ್ತದೆ. ಮೈಕಿಗೆ ಬಿದ್ದ ಒಟ್ಟು ಸದ್ದಿನಿಂದ ಆ ಊಹೆಯನ್ನು ಕಳೆಯುತ್ತದೆ. ಉಳಿದದ್ದು ಅಪ್ಪನ ದನಿ. ಕಳೆದ ಮೇಲೂ ಮಗಳ ದನಿಯ ಚೂರು ಉಳಿದಿದ್ದರೆ ಊಹೆ ತಪ್ಪಿದೆ ಎಂದರ್ಥ, ಕೂಡಲೇ ತಿದ್ದಿಕೊಳ್ಳುತ್ತದೆ. ಸೆಕೆಂಡಿಗೆ 16,000 ಸಲ ಸದ್ದನ್ನು ಅಳೆಯುವ ಫೋನು, ಕೋಣೆಯೊಳಗೆ ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಸುಳಿದಾಡುವ ಸದ್ದನ್ನು ಹಿಡಿಯಬೇಕಾದರೆ 1,600 ಅಂಕಿಗಳನ್ನು ಹೀಗೆ ಸದಾ ತಿದ್ದುತ್ತಿರಬೇಕು. ಕರೆ ಶುರುವಾದ ಮೊದಲ ಕೆಲವು ಕ್ಷಣ ಎಕೋ ಕೇಳಿಸಿ ಆಮೇಲೆ ತಾನೇ ಮಾಯವಾದರೆ, ಫೋನು ಆ ಕೋಣೆಯನ್ನು ಕಲಿಯುತ್ತಿತ್ತು ಎಂದುಕೊಳ್ಳಿ. ಅದಕ್ಕೆ ಏನೂ ಮಾಡಬೇಕಾಗಿಲ್ಲ.

ಈ ಲೆಕ್ಕ ತಪ್ಪುವುದು ಮುಖ್ಯವಾಗಿ ಮೂರು ಕಡೆ. ಸ್ಪೀಕರು ತನಗೆ ಕೊಟ್ಟ ದನಿಯನ್ನು ಇದ್ದಂತೆ ನುಡಿಸದೆ ಒಡೆದ ದನಿಯಲ್ಲಿ ನುಡಿಸಿದರೆ, ಫೋನಿನ ಬಳಿಯಿರುವ ನಕಲಿಗೂ ಹೊರಗೆ ಬಂದ ಸದ್ದಿಗೂ ತಾಳೆಯಾಗುವುದಿಲ್ಲ. ದನಿ ನುಡಿದದ್ದಕ್ಕೂ ಮೈಕಿಗೆ ಬಿದ್ದದ್ದಕ್ಕೂ ನಡುವಿನ ಸಮಯ ಅದು ನಿರೀಕ್ಷಿಸಿದ್ದಕ್ಕಿಂತ ತೀರಾ ಹೆಚ್ಚಾದರೆ ಊಹೆ ತಪ್ಪುತ್ತದೆ. ಇನ್ನು, ನುಡಿಸುವ ಯಂತ್ರ ಒಂದು, ಕೇಳಿಸಿಕೊಳ್ಳುವ ಯಂತ್ರ ಇನ್ನೊಂದು ಆಗಿಬಿಟ್ಟರೆ ಫೋನಿನ ಬಳಿ ನಕಲೇ ಇರುವುದಿಲ್ಲ, ಏನನ್ನು ಕಳೆಯಬೇಕೆಂದೇ ಅದಕ್ಕೆ ಗೊತ್ತಾಗುವುದಿಲ್ಲ.

ತಿಪಟೂರಿನ ನಡುಮನೆಗೆ ಹೋಗೋಣ. ಅಪ್ಪನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಫೋನಿನ ವಾಲ್ಯೂಮ್ ಯಾವಾಗಲೂ ಪೂರ್ತಿ. ಫೋನನ್ನು ಒರಗಿಸಿಟ್ಟದ್ದು ಗಾಜಿನ ಟೀಪಾಯಿಯ ಮೇಲೆ, ಸ್ಟೀಲ್ ಚೊಂಬಿಗೆ ತಾಗಿಸಿ. ಫೋನಿಗೆ ಪುಸ್ತಕದ ಹಾಗೆ ಮಡಚುವ ದಪ್ಪನೆಯ ಕವರು. ನೆಲ ಗ್ರಾನೈಟು, ಗೋಡೆ ಬರಿದು. ಅದೇ ಕರೆಗೆ ಅಮ್ಮ ಅಡುಗೆಮನೆಯಿಂದ ತಮ್ಮ ಫೋನಿನಲ್ಲೂ ಸೇರಿಕೊಳ್ಳುತ್ತಿದ್ದರು, ಒಲೆಯ ಮುಂದಿನ ಕೆಲಸ ಬಿಡದೆ ಮೊಮ್ಮಗುವನ್ನು ನೋಡಬಹುದಲ್ಲ ಎಂದು.

ಮೊದಲು ಮುಟ್ಟಿದ್ದು ವಾಲ್ಯೂಮನ್ನು. ಪೂರ್ತಿ ಇದ್ದದ್ದನ್ನು ಮೂರನೆಯ ಎರಡು ಭಾಗಕ್ಕೆ ಇಳಿಸಿದಾಗಲೇ ಮಗಳು "ಅರ್ಧಕ್ಕರ್ಧ ಹೋಯ್ತಪ್ಪ" ಎಂದಳು. ವಾಲ್ಯೂಮ್ ಇಳಿಸಿದರೆ ಸದ್ದು ಕಡಿಮೆಯಾಗುವುದು ಸರಿಯೇ, ಆದರೆ ಲಾಭ ಅಷ್ಟೇ ಅಲ್ಲ. ಉಗುರಿನಷ್ಟು ಅಗಲದ ಸ್ಪೀಕರಿಗೆ ಪೂರ್ತಿ ವಾಲ್ಯೂಮ್ ಕೊಟ್ಟರೆ ಅದು ಕರ್ಕಶವಾಗಿ ಒಡೆಯುತ್ತದೆ, ಫೋನಿನ ಮೈಯೇ ಕಂಪಿಸುತ್ತದೆ. ಆ ಕಂಪನ ಗಾಳಿಯ ಹಂಗಿಲ್ಲದೆ ನೇರವಾಗಿ ಮೈಕಿಗೆ ಮುಟ್ಟುತ್ತದೆ. ಒಡೆದ ಸದ್ದಿಗೆ ಮೇಲೆ ಹೇಳಿದ ಕಳೆಯುವ ಲೆಕ್ಕ ಒಪ್ಪುವುದಿಲ್ಲ. ಆದ್ದರಿಂದ ಎರಡು ಮೂರು ಹಂತ ಇಳಿಸಿದರೆ ಎಕೋ ಸದ್ದು ಕಡಿಮೆಯಾದದ್ದಕ್ಕಿಂತ ಎಷ್ಟೋ ಹೆಚ್ಚು ಅಡಗುತ್ತದೆ. ಅಪ್ಪನಂಥ ಕಿವಿ ಮಂದವಿರುವ ಹಿರಿಯರಿಗೆ ವಾಲ್ಯೂಮ್ ಇಳಿಸಿ ಎನ್ನುವುದು ಕಷ್ಟದ ಮಾತು, ಅದು ನನಗೂ ಗೊತ್ತು. ಅವರಿಗೆ ಫೋನನ್ನು ದೂರವಿಡದೆ ಹತ್ತಿರಕ್ಕೆ ತಂದುಕೊಡಬೇಕು. ಬಯಲಿನಲ್ಲಿ ದೂರ ಅರ್ಧವಾದರೆ ಕಿವಿಗೆ ಬೀಳುವ ದನಿ ಆರು ಡೆಸಿಬಲ್ ಏರುತ್ತದೆ, ಮನೆಯೊಳಗೆ ಅದಕ್ಕಿಂತ ತುಸು ಕಡಿಮೆ. ಅಷ್ಟೇ ಅಲ್ಲ, ಅವರ ಬಾಯಿ ಕೂಡ ಮೈಕಿಗೆ ಹತ್ತಿರವಾಗುವುದರಿಂದ ಲಾಭ ಎರಡೂ ಕಡೆಗೆ.

ಆಮೇಲೆ ಕವರು ಬಿಚ್ಚಿದೆವು. ಜನ ಇದನ್ನು ನಂಬುವುದೇ ಇಲ್ಲ, ಆದರೆ ನಾನು ಕಂಡ ಹಟಮಾರಿ ಎಕೋಗಳಲ್ಲಿ ಕವರಿನ ಪಾಲು ದೊಡ್ಡದು. ಸ್ಪೀಕರಿನ ರಂಧ್ರ ಫೋನಿನ ಕೆಳ ಅಂಚಿನಲ್ಲಿರುತ್ತದೆ, ಪಕ್ಕದಲ್ಲೇ ಒಂದು ಮೈಕು. ಮೇಲಿನ ಅಂಚಿನಲ್ಲೋ ಹಿಂದಿನ ಕ್ಯಾಮೆರಾ ಬಳಿಯಲ್ಲೋ ಸೂಜಿಮೊನೆಯಷ್ಟು ತೂತಿನ ಇನ್ನೊಂದು ಮೈಕು ಇರುತ್ತದೆ. ಸ್ಪೀಕರ್ ಹಾಕಿದಾಗ ಹಲವು ಫೋನುಗಳು ಸ್ಪೀಕರಿನಿಂದ ದೂರವಿರುವ ಈ ಮೇಲಿನ ಮೈಕನ್ನೇ ನೆಚ್ಚಿಕೊಳ್ಳುತ್ತವೆ. ಸಡಿಲವಾದ ಅಥವಾ ತೂತು ಸರಿಯಾಗಿ ಕೂರದ ಕವರು ಹಾಕಿದರೆ ಸ್ಪೀಕರಿನ ಸದ್ದು ಪೂರ್ತಿ ಹೊರಗೆ ಬರದೆ ಕವರಿಗೂ ಫೋನಿಗೂ ನಡುವಿನ ಸಂದಿಯಲ್ಲಿ ಹರಿದು ನೇರವಾಗಿ ಆ ಮೈಕಿನ ಬಾಯಿಗೆ ಬೀಳುತ್ತದೆ. ಅದೇ ಕವರು ಅಪ್ಪನ ದನಿಗೆ ಅಡ್ಡವಾಗಿರುತ್ತದೆ. ಫೋನಿಗೆ ಸೇರಬೇಕಾದ್ದು ಸೇರದೆ, ಸೇರಬಾರದ್ದು ಸೇರುತ್ತದೆ. ಪರೀಕ್ಷೆಗೆ ಖರ್ಚಿಲ್ಲ: ಕರೆ ನಡೆಯುತ್ತಿರುವಾಗಲೇ ಕವರು ಕಳಚಿ, ಎದುರಿನವರನ್ನು ಕೇಳಿ. ತೂತಿನಲ್ಲಿ ದೂಳು, ಹಿಟ್ಟು ಕೂತಿದ್ದರೆ ಒಣಗಿದ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಸೂಜಿ ಪಿನ್ನು ಚುಚ್ಚಬೇಡಿ, ಒಳಗಿನ ಮೈಕು ಹಾಳಾದರೆ ರಿಪೇರಿಗೇ ಹೋಗಬೇಕು.

ಚೊಂಬನ್ನೂ ಗಾಜಿನ ಟೀಪಾಯಿಯನ್ನೂ ಬಿಟ್ಟು ಮಡಚಿದ ಟವೆಲಿನ ಮೇಲೆ ಫೋನನ್ನು ನಿಲ್ಲಿಸಿದಾಗ ಉಳಿದ ಅಲ್ಪಸ್ವಲ್ಪವೂ ಹೋಯಿತು. ಬರಿಗೋಡೆಯ, ಗ್ರಾನೈಟು ನೆಲದ ಕೋಣೆಯಲ್ಲಿ ಸದ್ದು ಬಹಳ ಹೊತ್ತು ಸುಳಿದಾಡುತ್ತದೆ. ಪರದೆ, ಹಾಸಿಗೆ, ಬಟ್ಟೆ ಇರುವ ಕೋಣೆ ಕರೆಗೆ ಯಾವಾಗಲೂ ಮೇಲು.

ಇಷ್ಟಾದ ಮೇಲೂ ಒಂದು ಸಲ ಎಕೋ ಮರಳಿತು. ಅಪ್ಪ ಫೋನನ್ನು ಕೈಗೆತ್ತಿಕೊಂಡು ಹಿತ್ತಲಿನ ತೆಂಗಿನ ಸಸಿ ತೋರಿಸಲು ಹೊರಟಾಗ, ಒಂದೆರಡು ಸೆಕೆಂಡು. ಇದು ಕೆಟ್ಟದ್ದೇನಲ್ಲ. ಫೋನು ಕಲಿತಿದ್ದದ್ದು ನಡುಮನೆಯನ್ನು, ಈಗ ಕೈ, ಗಾಳಿ, ಗೋಡೆ ಎಲ್ಲ ಬೇರೆ. ಕಲಿತದ್ದನ್ನು ಬಿಟ್ಟು ಹೊಸದಾಗಿ ಕಲಿಯಲು ಅಷ್ಟು ಸಮಯ ಬೇಕೇ ಬೇಕು. ಫೋನನ್ನು ಕೈಯಲ್ಲಿ ಹಿಡಿದು ಸದಾ ಅಲ್ಲಾಡಿಸುತ್ತ ಮಾತಾಡುವವರ ಕರೆಯಲ್ಲಿ ಎಕೋ ಆಗಾಗ ಬಂದು ಹೋಗುವುದು ಇದರಿಂದಲೇ.

ಅಮ್ಮನ ಫೋನಿನದು ಬೇರೆಯದೇ ಜಾತಿಯ ತೊಂದರೆ. ಅವರು ಫೋನ್ ಹಿಡಿದುಕೊಂಡು ನಡುಮನೆಗೆ ಬಂದರೆ ಎಕೋ ಅಲ್ಲ, ಕುಂಯ್ ಎಂಬ ಕಿರುಚು ಏಳುತ್ತಿತ್ತು. ಮದುವೆ ಛತ್ರದಲ್ಲಿ ಮೈಕ್ ಹಿಡಿದವರು ಸ್ಪೀಕರ್ ಬಾಕ್ಸಿನ ಮುಂದೆ ಹಾದುಹೋದಾಗ ಏಳುವ ಸದ್ದು ಇದೆಯಲ್ಲ, ಅದೇ ಇದು. ಅಪ್ಪನ ಮಾತು ಅಮ್ಮನ ಫೋನಿನ ಸ್ಪೀಕರಿನಲ್ಲಿ ಬರುತ್ತದೆ, ಅದನ್ನು ಅಪ್ಪನ ಮೈಕು ಹಿಡಿದು ಮತ್ತೆ ಕಳಿಸುತ್ತದೆ, ಅದು ಮತ್ತೆ ಅಮ್ಮನ ಫೋನಿನಲ್ಲಿ ನುಡಿಯುತ್ತದೆ. ಪ್ರತಿ ಸುತ್ತಿನಲ್ಲೂ ಸದ್ದು ತುಸು ಹೆಚ್ಚಾದರೆ ಸಾಕು, ಕೆಲವೇ ಸುತ್ತುಗಳಲ್ಲಿ ಕಿರುಚಾಗುತ್ತದೆ. ಅಪ್ಪನ ಫೋನು ಅಮ್ಮನ ಫೋನಿನ ಸ್ಪೀಕರಿನ ಸದ್ದನ್ನು ಕಳೆಯಲಾರದು, ಅದು ತಾನು ನುಡಿಸಿದ್ದಲ್ಲವಲ್ಲ.

ಇಲ್ಲಿ ತುಂಬ ಜನ ಒಂದು ಕಡೆ ಎಡವುತ್ತಾರೆ. ಒಂದೇ ಕೋಣೆಯಲ್ಲಿ ಎರಡು ಫೋನು ಇದ್ದಾಗ ಒಂದರ ಮೈಕನ್ನು ಮ್ಯೂಟ್ ಮಾಡಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಮ್ಯೂಟ್ ಆದ ಫೋನಿನ ಸ್ಪೀಕರು ಇನ್ನೂ ಮಾತಾಡುತ್ತಲೇ ಇರುತ್ತದೆ, ಪಕ್ಕದ ಫೋನಿನ ತೆರೆದ ಮೈಕು ಅದನ್ನು ಹಿಡಿಯುತ್ತಲೇ ಇರುತ್ತದೆ. ಎರಡನೆಯ ಫೋನಿನ ಮೈಕನ್ನೂ ಮುಚ್ಚಬೇಕು, ವಾಲ್ಯೂಮನ್ನೂ ಸೊನ್ನೆಗೆ ತರಬೇಕು. ಅದಕ್ಕಿಂತ ಮೇಲು, ಅದನ್ನು ಕರೆಯಿಂದಲೇ ಹೊರಗೆ ತೆಗೆಯುವುದು. ಕಚೇರಿಯ ಮೀಟಿಂಗ್ ರೂಮಿನಲ್ಲಿ ನಾಲ್ಕು ಜನ ನಾಲ್ಕು ಲ್ಯಾಪ್‌ಟಾಪ್ ತೆರೆದು ಒಂದೇ ಮೀಟಿಂಗಿಗೆ ಸೇರಿದರೂ ಇದೇ ಪಾಡು. ಪರದೆ ಹಂಚಿಕೊಳ್ಳಲು ಲ್ಯಾಪ್‌ಟಾಪ್ ಬೇಕೇ ಬೇಕೆಂದರೆ ಟೀಮ್ಸಿನಲ್ಲಿ ಸೇರುವಾಗ Don't use audio ಎಂಬುದನ್ನೂ, ಗೂಗಲ್ ಮೀಟಿನಲ್ಲಿ Companion mode ಎಂಬುದನ್ನೂ ಆರಿಸಿಕೊಳ್ಳಬಹುದು. ಆಗ ಚಿತ್ರ ಮಾತ್ರ, ಸದ್ದು ಒಂದೇ ಯಂತ್ರದಿಂದ.

ಹಬ್ಬದ ದಿನ ಮನೆಮಂದಿಯೆಲ್ಲ ಕೂತು ನೋಡಲೆಂದು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸುವ ಮನೆಗಳು ಈಗ ಬಹಳ. ಅಲ್ಲಿ ಎಕೋ ಏಳುವುದು ಹೆಚ್ಚುಕಡಿಮೆ ಖಂಡಿತ. ಲ್ಯಾಪ್‌ಟಾಪ್ ಕಳಿಸಿದ ದನಿಯನ್ನು ಟಿವಿ ತಕ್ಷಣ ನುಡಿಸುವುದಿಲ್ಲ. ಚಿತ್ರಕ್ಕೆ ಹೊಂದಿಸಲು ಸ್ವಲ್ಪ ತಡೆಹಿಡಿಯುತ್ತದೆ, ಸಿನಿಮಾದ ಹಾಗೆ ಕೇಳಿಸಲೆಂದು ಅದಕ್ಕೆ ತನ್ನದೇ ಬಣ್ಣ ಹಚ್ಚುತ್ತದೆ. ಲ್ಯಾಪ್‌ಟಾಪಿನ ಲೆಕ್ಕಕ್ಕೆ ಸಮಯವೂ ತಪ್ಪುತ್ತದೆ, ದನಿಯ ಗುಣವೂ ತಪ್ಪುತ್ತದೆ. ಮೈಕಿಲ್ಲದ ಬ್ಲೂಟೂತ್ ಸ್ಪೀಕರ್ ಜೋಡಿಸಿದಾಗಲೂ ಹೀಗೆಯೇ, ಬ್ಲೂಟೂತಿನಲ್ಲಿ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಮೇಲ್ಪಟ್ಟು ತಡವಾಗುವುದು ಮಾಮೂಲು. ಪರಿಹಾರವೆಂದರೆ ಚಿತ್ರವನ್ನು ಟಿವಿಯಲ್ಲೇ ಬಿಟ್ಟು ದನಿಯನ್ನು ಲ್ಯಾಪ್‌ಟಾಪಿಗೆ ವಾಪಸ್ ತರುವುದು. ಜೂಮಿನಲ್ಲಿ ಮೈಕಿನ ಗುರುತಿನ ಪಕ್ಕದ ಬಾಣವನ್ನು ಒತ್ತಿದರೆ ಸ್ಪೀಕರುಗಳ ಪಟ್ಟಿ ಬರುತ್ತದೆ, ಅದರಲ್ಲಿ ಟಿವಿಯ ಹೆಸರಿನ ಬದಲು ಲ್ಯಾಪ್‌ಟಾಪಿನ ಸ್ಪೀಕರನ್ನು ಆರಿಸಿ. ಸದ್ದು ಸಾಲದಿದ್ದರೆ ಮೈಕು ಸ್ಪೀಕರು ಎರಡೂ ಒಟ್ಟಿಗಿರುವ ಕಾನ್ಫರೆನ್ಸ್ ಸ್ಪೀಕರು ತಂದುಕೊಳ್ಳುವುದು ಒಳ್ಳೆಯದು. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಎಕೋ ಕಳೆಯುವ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ.

ಸಂಗೀತ ಪಾಠ ಹೇಳುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮೈಸೂರು ಬೆಂಗಳೂರುಗಳಿಂದ ಹೊರದೇಶದ ಮಕ್ಕಳಿಗೆ ಕರ್ನಾಟಕ ಸಂಗೀತ ಕಲಿಸುವವರು ಶ್ರುತಿಪೆಟ್ಟಿಗೆ ಹಾಕಿದರೆ, ಒಂದೇ ಸಮನೆ ಬರುವ ಆ ನಾದವನ್ನು ಆಪು ಫ್ಯಾನಿನ ಸದ್ದಿನಂತೆ ಗದ್ದಲವೆಂದು ಬಗೆದು ಅಳಿಸಿಬಿಡುತ್ತದೆ. ಅದಕ್ಕೆಂದೇ ಜೂಮಿನಲ್ಲಿ Original sound for musicians ಎಂಬ ಆಯ್ಕೆಯಿದೆ. ಅದನ್ನು ಆನ್ ಮಾಡಿದರೆ ಶ್ರುತಿ, ಗಮಕದ ಸಣ್ಣ ಎಳೆಗಳು ಉಳಿಯುತ್ತವೆ. ಆದರೆ ಅದರ ಸೆಟ್ಟಿಂಗಿನಲ್ಲಿ Echo cancellation ಎಂಬ ಗುರುತು ತೆಗೆದಿದ್ದರೆ, ಇಷ್ಟು ಹೊತ್ತು ನಾವು ಹೇಳುತ್ತಿದ್ದ ಕಳೆಯುವ ಕೆಲಸವೇ ನಿಂತುಹೋಗುತ್ತದೆ. ಆಗ ಗುರುಗಳು ಸ್ಪೀಕರಿನಲ್ಲಿ ಕೇಳುತ್ತಿದ್ದರೆ ಶಿಷ್ಯೆ ಹಾಡಿದ ವರ್ಣ ಪೂರ್ತಿಯಾಗಿ ಅವಳಿಗೇ ವಾಪಸ್ ಹೋಗುತ್ತದೆ, ಅವಳ ತಾಳ ಕೆಡುತ್ತದೆ. ಮಗು ತಾಳ ತಪ್ಪುತ್ತಿದೆ ಎಂದು ಬೈಯುವ ಮುಂಚೆ ಇದನ್ನು ನೋಡಿಕೊಳ್ಳುವುದು ನ್ಯಾಯ. ಈ ಆಯ್ಕೆ ಬಳಸುವವರು ಇಯರ್‌ಫೋನ್ ಹಾಕಿಕೊಳ್ಳಲೇಬೇಕು.

ಇಯರ್‌ಫೋನ್ ಇಷ್ಟು ಪರಿಣಾಮಕಾರಿಯಾಗಿರುವುದು ಅದು ದನಿಯನ್ನು ಗಾಳಿಗೇ ಬಿಡದಿರುವುದರಿಂದ. ಮೈಕಿಗೆ ಬೀಳಲು ಏನೂ ಇಲ್ಲದಿದ್ದರೆ ಕಳೆಯಲೂ ಏನೂ ಇಲ್ಲ. ಎಲ್ಲ ಪರಿಹಾರಗಳಲ್ಲೂ ಇದೇ ಗಟ್ಟಿಯಾದದ್ದು ಎಂದು ನನ್ನ ಅಭಿಪ್ರಾಯ. ಆದರೂ ಅಗ್ಗದ ವೈರಿನ ಇಯರ್‌ಫೋನ್ ಹಾಕಿದಾಗಲೇ ಎಕೋ ಶುರುವಾಯಿತು ಎನ್ನುವವರೂ ಸಿಗುತ್ತಾರೆ. ಕಿವಿಗೆ ಹೋಗುವ ತಂತಿ, ಮೈಕಿನ ತಂತಿ ಎರಡಕ್ಕೂ ಮರಳುವ ದಾರಿಯಾಗಿ ಒಂದೇ ತಂತಿ ಇರುತ್ತದೆ. ಅದು ತೀರಾ ತೆಳುವಾಗಿದ್ದರೆ ಅಥವಾ ಪಿನ್ನು ಸರಿಯಾಗಿ ಕೂರದಿದ್ದರೆ ಕಿವಿಯ ದನಿ ತಂತಿಯೊಳಗೇ ಮೈಕಿನ ದಾರಿಗೆ ಸೋರುತ್ತದೆ. ಪಿನ್ನನ್ನು ಒರೆಸಿ, ಪೂರ್ತಿ ಒತ್ತಿ ಕೂರಿಸಿ ನೋಡಿ. ಹೋಗದಿದ್ದರೆ ಇಯರ್‌ಫೋನನ್ನೇ ಬದಲಾಯಿಸಬೇಕು.

ವಿಂಡೋಸ್ ಕಂಪ್ಯೂಟರಿನಲ್ಲಿ ವಾಲ್ಯೂಮ್, ಇಯರ್‌ಫೋನ್ ಯಾವುದಕ್ಕೂ ಬಗ್ಗದ ಎಕೋ ಇದ್ದರೆ ನೋಡಬೇಕಾದ್ದು, ಮೀಟಿಂಗ್ ಆಪಿನಲ್ಲಿ ಮೈಕಿನ ಜಾಗದಲ್ಲಿ Stereo Mix ಆಯ್ಕೆಯಾಗಿದೆಯೇ ಎಂದು. ಅದು ಮೈಕೇ ಅಲ್ಲ, ಕಂಪ್ಯೂಟರು ನುಡಿಸುವ ಎಲ್ಲ ಸದ್ದನ್ನೂ ಇದ್ದ ಹಾಗೆ ಹೊರಗೆ ಕಳಿಸುವ ದಾರಿ.

ಎಕೋ ಎಂದು ದೂರುವ ಎಲ್ಲವೂ ಎಕೋ ಅಲ್ಲ ಎಂಬುದನ್ನೂ ಹೇಳಬೇಕು. "ನಿಮ್ಮ ದನಿ ಬಾವಿಯೊಳಗಿಂದ ಬಂದ ಹಾಗಿದೆ" ಎಂದು ಎದುರಿನವರು ಹೇಳಿದರೆ ಅದು ನಿಮ್ಮ ಕೋಣೆಯ ಗುಂಯ್‌ಗುಡುವಿಕೆ. ನೀವು ಮೈಕಿಗೆ ದೂರವಿದ್ದೀರಿ, ಹತ್ತಿರ ಬನ್ನಿ. ಇಬ್ಬರೂ ಒಟ್ಟಿಗೆ ಮಾತಾಡಿದಾಗ ಒಬ್ಬರ ದನಿ ಪೂರ್ತಿ ಕತ್ತರಿಸಿಹೋದರೆ ಅದು ಎಕೋಗೆ ತಿರುಗುಮುರುಗಾದ ತೊಂದರೆ. ಎಕೋ ತಡೆಯಲು ಹೆಣಗುತ್ತಿರುವ ಫೋನು ಕಳೆಯಲಾಗದೆ ಮೈಕನ್ನೇ ಆಗಾಗ ಮುಚ್ಚುತ್ತಿದೆ. ಇದಕ್ಕೂ ಸ್ಪೀಕರಿನ ವಾಲ್ಯೂಮ್ ಇಳಿಸುವುದೇ ಔಷಧಿ. ಬೇರೆಯವರ ಮಾತೂ ನಿಮಗೆ ಎರಡೆರಡು ಸಲ ಕೇಳಿಸುತ್ತಿದ್ದರೆ, ನೀವೇ ಅದೇ ಮೀಟಿಂಗಿಗೆ ಇನ್ನೊಂದು ಟ್ಯಾಬಿನಲ್ಲೋ ಫೋನಿನಲ್ಲೋ ಸೇರಿರಬಹುದು, ಮೊದಲು ಅದನ್ನು ನೋಡಿ.

ಎದುರಿನವರು ಸ್ಪೀಕರ್ ಆಫ್ ಮಾಡಿ, ಫೋನನ್ನು ಕಿವಿಗಿಟ್ಟುಕೊಂಡರೂ ನಿಮ್ಮ ದನಿ ವಾಪಸ್ ಬರುತ್ತಲೇ ಇದ್ದರೆ ಕಾರಣ ಎರಡರಲ್ಲೊಂದು. ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ಮಾಡಿದ ಕರೆಯಾದರೆ, ಎರಡು ತಂತಿಯ ಜಾಲ ನಾಲ್ಕು ತಂತಿಯ ಜಾಲಕ್ಕೆ ಸೇರುವ ಕಡೆ ದನಿ ಸ್ವಲ್ಪ ಹಿಂದಕ್ಕೆ ಮರಳುತ್ತದೆ. ಸೋಂಧಿಯವರ ಕಾಲದಲ್ಲಿ ಕಾಡುತ್ತಿದ್ದ ಎಕೋ ಇದೇ, ಕರೆ ಕತ್ತರಿಸಿ ಮತ್ತೆ ಮಾಡಿದರೆ ಹಲವು ಸಲ ಸರಿಹೋಗುತ್ತದೆ. ಮೊಬೈಲಿನಿಂದ ಮೊಬೈಲಿಗೆ, ಯಾವ ಆಪಿನಲ್ಲಿ ಮಾತಾಡಿದರೂ ಎಕೋ ಬರುತ್ತಿದ್ದರೆ ಎದುರಿನವರ ಫೋನಿನ ಒಂದು ಮೈಕು ಹಾಳಾಗಿರಬಹುದು, ಅಥವಾ ಹಿಂದೆ ಪರದೆ ಬದಲಾಯಿಸಿದಾಗ ಮೈಕಿನ ಸುತ್ತಲಿನ ರಬ್ಬರು ಸರಿಯಾಗಿ ಕೂರದೆ ಸ್ಪೀಕರಿನ ಸದ್ದು ಫೋನಿನ ಒಳಗಿನಿಂದಲೇ ಸೋರುತ್ತಿರಬಹುದು. ರಿಪೇರಿ ಅಂಗಡಿಯಲ್ಲಿ "ಮಾತು ಸರಿಯಾಗಿ ಕೇಳಿಸ್ತಿಲ್ಲ" ಎಂದರೆ ಅವರು ಸ್ಪೀಕರು ಬದಲಾಯಿಸಿ ಕಳಿಸುತ್ತಾರೆ. "ಎದುರಿನವರಿಗೆ ಅವರ ದನಿ ವಾಪಸ್ ಹೋಗ್ತಿದೆ, ಮೈಕಿನ ರಬ್ಬರ್ ನೋಡಿ" ಎಂದು ಬಿಡಿಸಿ ಹೇಳಿ. ಅಂಗಡಿಯಲ್ಲಿ ನಿಂತೇ ಯಾರಿಗಾದರೂ ಸ್ಪೀಕರ್ ಹಾಕಿ ಕರೆ ಮಾಡಿ, ಆ ಕಡೆಯವರಿಂದ ಹತ್ತರವರೆಗೆ ಎಣಿಸಲು ಹೇಳಿ, ಅವರ ಎಣಿಕೆ ಅವರಿಗೆ ಒಂದೇ ಸಲ ಕೇಳಿಸಿತೆಂದು ಖಾತ್ರಿಯಾದ ಮೇಲೆ ದುಡ್ಡು ಕೊಡಿ.